ಫೋಟೊದಲ್ಲಿ ಬಿದ್ದ ಬಾಟಲಿ ಅಳಿಸೋದು ಹೀಗೆ

ಚಿತ್ರದುರ್ಗದ ಕೋಟೆ, ಒನಕೆ ಓಬವ್ವನ ಕಿಂಡಿ ಹತ್ತಿರ ಅಮ್ಮನ ಫೋಟೊ. ಅಮ್ಮನ ನಗು ಎಷ್ಟು ಚೆಂದ! ಆದರೆ ಪಕ್ಕದ ಬಂಡೆ ಮೇಲೆ ಯಾರೋ ಬಿಟ್ಟುಹೋದ ನೀರಿನ ಬಾಟಲಿ.

ಫೋಟೊ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ ಫೋಟೊ ತೆರೆಯಿರಿ. Tools ಒಳಗೆ Healing ಒತ್ತಿ. ಈಗ ಅವಸರ ಬೇಡ: ಎರಡು ಬೆರಳಿಂದ ಹಿಗ್ಗಿಸಿ, ಬಾಟಲಿ ದೊಡ್ಡದಾಗಿ ಕಾಣಬೇಕು. ಹಿಗ್ಗಿಸಿದಷ್ಟೂ ಬೆರಳಿನ ಗೆರೆ ಫೋಟೊದ ಮೇಲೆ ಸಣ್ಣದಾಗಿ ಬೀಳುತ್ತೆ. ಒಂದು ಬೆರಳಿಂದ ಬಾಟಲಿ ಮೇಲಷ್ಟೇ ಸವರಿ, ಅದರ ನೆರಳನ್ನೂ ಬಿಡಬೇಡಿ. ಬೆರಳೆತ್ತಿದರೆ ಸುತ್ತಲಿನ ಕಲ್ಲಿನ ಬಣ್ಣವೇ ಅಲ್ಲಿ ತುಂಬಿಕೊಳ್ಳುತ್ತೆ.

ಕಲೆ ಉಳಿದರೆ ಹಿಂದಕ್ಕೆ ಬಾಗಿದ ಬಾಣ ಒತ್ತಿ, ತುಸು ತುಸುವೇ ಮತ್ತೆ ಸವರಿ. ಬಂಡೆ, ಆಕಾಶ ಸಲೀಸು. ಬಾಟಲಿ ಸೀರೆ ಅಂಚಿಗೆ ತಾಗಿದ್ದರೆ ಮಾತ್ರ ಕಷ್ಟ, ಅಂಚು ಕದಡುತ್ತೆ.

ಸರಿ ಗುರುತು ಒತ್ತಿ, Export ಒಳಗೆ Save ಮಾಡಿ.