ನಿರ್ದೇಶಕಿ ಸ್ಥಾನಕ್ಕೆ ರಾಜೀನಾಮೆ: 2026ರ ಮಾರ್ಚ್ 31ರಿಂದ ಜಾರಿಗೆ

ತೀರ್ಥಹಳ್ಳಿ
9 ಮಾರ್ಚ್ 2026, ಸೋಮವಾರ

ಇವರಿಗೆ,
ಅಧ್ಯಕ್ಷರು ಮತ್ತು ನಿರ್ದೇಶಕ ಮಂಡಳಿಯ ಎಲ್ಲ ಸದಸ್ಯರು,
ನಮ್ಮ ರೈತ ಉತ್ಪಾದಕ ಕಂಪನಿಯ ನೋಂದಾಯಿತ ಕಚೇರಿ,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ

ವಿಷಯ: ಖರೀದಿ ಮತ್ತು ಗೋದಾಮಿನ ಹೊಣೆ ಹೊತ್ತಿದ್ದ ನಿರ್ದೇಶಕಿಯ ರಾಜೀನಾಮೆ ಮತ್ತು ಕೆಲಸ ಒಪ್ಪಿಸುವ ಬಗ್ಗೆ

ಮಾನ್ಯರೇ,

ನಾನು ಕಂಪನಿಯ ನಿರ್ದೇಶಕಿ ಸ್ಥಾನಕ್ಕೆ ಈ ಪತ್ರದ ಮೂಲಕ ರಾಜೀನಾಮೆ ಕೊಡುತ್ತಿದ್ದೇನೆ. ಇದು 2026ರ ಮಾರ್ಚ್ 31, ಮಂಗಳವಾರ ಸಂಜೆ ಕಚೇರಿ ಮುಚ್ಚುವ ಹೊತ್ತಿನಿಂದ ಜಾರಿಗೆ ಬರಲಿ. ಕಂಪನಿ ಕಾಯ್ದೆ 2013ರ 168ನೇ ಕಲಂ ಪ್ರಕಾರ ಇದನ್ನು ಲಿಖಿತ ನೋಟಿಸ್ ಎಂದು ತೆಗೆದುಕೊಳ್ಳಿ. ಅಲ್ಲಿಯವರೆಗೆ ನನ್ನ ಕೆಲಸ ನಾನೇ ಮಾಡುತ್ತೇನೆ. ಮಾರ್ಚ್ ಕೊನೆಯ ಸಭೆಗೂ ಬರುತ್ತೇನೆ.

ಕಾರಣ ನಿಮಗೆಲ್ಲ ಗೊತ್ತಿರುವುದೇ. ಆದರೂ ದಾಖಲೆಯಲ್ಲಿ ಇರಲಿ ಎಂದು ಬರೆಯುತ್ತಿದ್ದೇನೆ. ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೆ ಡಿಸೆಂಬರ್‌ನಲ್ಲಿ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನಕ್ಕೆ ಬಂದಿಲ್ಲ. ಎಬ್ಬಿಸಿ ಕೂರಿಸಲು, ಊಟ ಮಾಡಿಸಲು, ವ್ಯಾಯಾಮ ಮಾಡಿಸಲು ಜೊತೆಗೆ ಒಬ್ಬರು ಇರಲೇಬೇಕು. ನೋಡಿಕೊಳ್ಳುವವಳು ನಾನೊಬ್ಬಳೇ. ಏಪ್ರಿಲ್‌ನಿಂದ ನಾನು ಅಲ್ಲೇ ಇರುತ್ತೇನೆ. ಮಂಡಳಿಯ ಯಾವ ತೀರ್ಮಾನದ ಮೇಲೂ ನನಗೆ ಅಸಮಾಧಾನ ಇಲ್ಲ, ಯಾರ ಜೊತೆಗೂ ಮನಸ್ತಾಪ ಇಲ್ಲ. ರೈತರು ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳಿ.

ಜನವರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದಾಗ ಅಧ್ಯಕ್ಷರು ಒಂದು ಮಾತು ಹೇಳಿದ್ದರು. 'ಸೆಪ್ಟೆಂಬರ್‌ಗೆ ಹೇಗೂ ನಿಮ್ಮ ಐದು ವರ್ಷದ ಅವಧಿ ಮುಗಿಯುತ್ತದೆ, ಅಲ್ಲಿವರೆಗೆ ಹೆಸರಿಗಾದರೂ ಇರಿ, ಸಹಿ ಬೇಕಾದಾಗ ನಾವೇ ಬರುತ್ತೇವೆ' ಎಂದು. ಅಣ್ಣಾ, ಆ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥ ಆಗುತ್ತದೆ. ಎರಡು ತಿಂಗಳು ಅದರ ಬಗ್ಗೆಯೇ ಯೋಚನೆ ಮಾಡಿದೆ. ಆದರೆ ಕೋಣಂದೂರು, ಮೇಗರವಳ್ಳಿ, ಮಂಡಗದ್ದೆ ಕೇಂದ್ರಗಳಿಗೆ ಹೋಗಿ ತೂಕ ನೋಡಲಾಗದವಳು ಖರೀದಿ ನಿರ್ದೇಶಕಿ ಅಂತ ಇರಬಾರದು. ಕಣ್ಣಲ್ಲಿ ನೋಡದ ಮೆಣಸಿನ ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ. ಹೆಸರಿಗೆ ಮಾತ್ರ ಇದ್ದರೂ ಕಾನೂನಿನ ಹೊಣೆ ಪೂರ್ತಿ ಇರುತ್ತದೆ. ಕೆಲಸ ಮಾಡುವವರಿಗೆ ಆ ಜಾಗ ಸಿಗಲಿ.

ನಾನು ಹೋದರೆ ಮಂಡಳಿಯಲ್ಲಿ ಆರು ಜನ ಉಳಿಯುತ್ತೀರಿ. ಉತ್ಪಾದಕ ಕಂಪನಿಗೆ ಕನಿಷ್ಠ ಐದು ನಿರ್ದೇಶಕರು ಬೇಕು, ಹಾಗಾಗಿ ತಕ್ಷಣಕ್ಕೆ ತೊಂದರೆ ಇಲ್ಲ. ಆದರೆ ಇನ್ನಿಬ್ಬರು ಬಿಟ್ಟರೆ ಕಷ್ಟ. ಸೆಪ್ಟೆಂಬರ್‌ವರೆಗೆ ಕಾಯದೆ ಈಗಲೇ ಒಬ್ಬರನ್ನು ಹುಡುಕಿ. ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಕೇಳಿ ಎನ್ನುವುದು ನನ್ನ ಆಸೆ. ನಮ್ಮಲ್ಲಿ ಮೆಣಸು ಬಿಡಿಸುವವರು, ಕಾಲಲ್ಲಿ ತುಳಿಯುವವರು, ಅಂಗಳದಲ್ಲಿ ಕೈಯಾಡಿಸುವವರು ಜಾಸ್ತಿ ಅವರೇ ಅಲ್ವಾ.

ಇನ್ನು ಒಪ್ಪಿಸುವ ವಿಷಯ.

ಖರೀದಿಯನ್ನು ಕೋಣಂದೂರಿನ ನಿರ್ದೇಶಕರಿಗೂ, ಗೋದಾಮನ್ನು ಮೇಗರವಳ್ಳಿಯ ನಿರ್ದೇಶಕಿ ಅಕ್ಕನಿಗೂ ಒಪ್ಪಿಸಲು ಕಳೆದ ಸಭೆಯಲ್ಲಿ ಮಾತಾಗಿದೆ. ಇಬ್ಬರೂ ಒಪ್ಪಿದ್ದಾರೆ. ಯುಗಾದಿ ಮುಗಿದ ಮೇಲೆ, ಮಾರ್ಚ್ 23ರಿಂದ 25ರವರೆಗೆ ಮೂರು ದಿನ ಅವರಿಬ್ಬರೂ ನನ್ನ ಜೊತೆ ಮೂರೂ ಕೇಂದ್ರ ಸುತ್ತಬೇಕು. ದಿನಕ್ಕೊಂದು ಕೇಂದ್ರ. ಮಾರ್ಚ್ 28, ಶನಿವಾರ ಗೋದಾಮಿನ ಚೀಲ ಎಣಿಕೆ. ಸಿಇಓ ಅವರೂ ಲೆಕ್ಕಿಗರೂ ಅವತ್ತು ಇರಲಿ. ಎಣಿಸಿದ ಪಟ್ಟಿಗೆ ಎಲ್ಲರೂ ಸಹಿ ಹಾಕಿ, ಒಂದು ಪ್ರತಿ ನನಗೆ ಕೊಡಿ.

ಮಾರ್ಚ್ 7ರ ಸಂಜೆ ನಾನೇ ಎಣಿಸಿದಾಗ ಗೋದಾಮಿನಲ್ಲಿ 60 ಕಿಲೋದ 86 ಚೀಲ ಕಾಳುಮೆಣಸು ಇತ್ತು, ಅಂದರೆ 51 ಕ್ವಿಂಟಲ್ 60 ಕಿಲೋ. ಇದರಲ್ಲಿ 9 ಚೀಲ ಇನ್ನೊಂದು ಬಿಸಿಲು ಕಾಣಬೇಕು. ಅವುಗಳ ಬಾಯಿಗೆ ಕೆಂಪು ದಾರ ಕಟ್ಟಿದ್ದೇನೆ. ಅವನ್ನು ಬೇರೆಯವುಗಳ ಜೊತೆ ಸೇರಿಸಬೇಡಿ. ಮಂಡಗದ್ದೆ ಕೇಂದ್ರದ 14 ರೈತರಿಗೆ ಒಟ್ಟು ₹4,18,300 ಪಾವತಿ ಬಾಕಿ ಇದೆ. ಹೆಸರು, ತೂಕ, ಕೊಟ್ಟ ದಿನ ಎಲ್ಲ ನೀಲಿ ರಟ್ಟಿನ ಪುಸ್ತಕದಲ್ಲಿದೆ. ಆ ಹಣ ಯುಗಾದಿ ಹಬ್ಬಕ್ಕೆ ಮುಂಚೆ, ಅಂದರೆ ಮಾರ್ಚ್ 18ರ ಒಳಗೆ ಅವರ ಖಾತೆಗೆ ಹೋಗಲೇಬೇಕು. ಹಬ್ಬಕ್ಕೆ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದು ನಾನು.

ತೂಕದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಬಂದ ಮೊದಲ ವರ್ಷ ಪ್ರತಿ ಚೀಲಕ್ಕೂ ಒಂದು ಕಿಲೋ ಕಳೆಯುತ್ತಿದ್ದೆವು. ಒಂದು ದಿನ ಮೇಗರವಳ್ಳಿಯಲ್ಲಿ ವಯಸ್ಸಾದ ಅಜ್ಜ ಒಬ್ಬರು ಮೆಣಸು ಸುರಿದ ಮೇಲೆ ಖಾಲಿ ಚೀಲವನ್ನು ತಾವೇ ಮಡಚಿ ತಕ್ಕಡಿ ಮೇಲಿಟ್ಟರು. ಏನೂ ಮಾತಾಡಲಿಲ್ಲ. ಸುಮ್ನೆ ನನ್ನ ಮುಖ ನೋಡಿದರು. 620 ಗ್ರಾಂ ತೋರಿಸಿತು. ಅವರು ತಂದಿದ್ದು ನಾಲ್ಕು ಚೀಲ. ಅಂದರೆ ಒಂದೂವರೆ ಕಿಲೋ ಮೆಣಸು ನಾವು ಪುಕ್ಕಟೆ ಇಟ್ಟುಕೊಳ್ಳುತ್ತಿದ್ದೆವು. ಅವತ್ತಿನಿಂದ ಮೆಣಸು ಸುರಿದ ಮೇಲೆ ರೈತರ ಎದುರೇ ಖಾಲಿ ಚೀಲ ತೂಗಿ, ಅಷ್ಟನ್ನು ಮಾತ್ರ ಕಳೆಯುತ್ತಿದ್ದೇವೆ. ಸೀಸನ್ನಿನ ಗದ್ದಲದಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ, ಹುಡುಗರು ಗೊಣಗುತ್ತಾರೆ. ಆದರೂ ಇದನ್ನು ಬಿಡಬೇಡಿ. ನಾನು ಒಪ್ಪಿಸುತ್ತಿರುವುದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಕಾನೂನುಮಾಪನ ಇಲಾಖೆಯ ಮುದ್ರೆ ಆಗಬೇಕು. ಮೂರರಲ್ಲಿ ಕೋಣಂದೂರಿನದರ ಗಡುವು ಮೇ ತಿಂಗಳಿಗೆ ಮುಗಿಯುತ್ತದೆ.

ತೇವ ನೋಡುವ ಮೀಟರಿನಲ್ಲಿ 12ಕ್ಕಿಂತ ಜಾಸ್ತಿ ಬಂದ ಮಾಲು ತೆಗೆದುಕೊಳ್ಳಬೇಡಿ, ಒಣಗಿಸಿ ತರಲು ಹೇಳಿ. ಮೀಟರನ್ನು ಮಾತ್ರ ನಂಬಿ ಕೂರಬೇಡಿ. ನಾಲ್ಕು ಕಾಳು ಹಲ್ಲಿನಲ್ಲಿ ಕಚ್ಚಿ ನೋಡಿ. ಕಟ್ ಎಂದು ಒಡೆದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇಲ್ಲ. ಲೀಟರ್ ತೂಕ ನೋಡುವ ಪಾತ್ರೆ ಗೋದಾಮಿನ ಕಿಟಕಿಯಲ್ಲಿದೆ. ಗೋದಾಮಿನ ಬಡಗು ಗೋಡೆ ಜೂನ್‌ನಲ್ಲಿ ಬೆವರುತ್ತದೆ. ಹೋದ ಮಳೆಗಾಲದಲ್ಲಿ ಅದಕ್ಕೆ ತಾಗಿದ್ದ ಎರಡು ಚೀಲಕ್ಕೆ ಬೂಷ್ಟು ಬಂದಿತ್ತು, ನೆನಪಿರಬಹುದು. ಗೋಡೆಯಿಂದ ಒಂದು ಮೊಳ ದೂರ, ಮರದ ಹಲಗೆ ಮೇಲೆಯೇ ಜೋಡಿಸಿ. ಮೇ ಮುಗಿಯುವುದರೊಳಗೆ ಅರ್ಧ ಮಾಲಾದರೂ ಮಾರಾಟ ಆದರೆ ಒಳ್ಳೆಯದು.

ಗೋದಾಮಿನ ಎರಡು ಬೀಗದ ಕೈ, ಕಚೇರಿ ಬೀರುವಿನ ಒಂದು ಕೈ, ಖರೀದಿ ರಸೀದಿ ಪುಸ್ತಕಗಳು ಮಾರ್ಚ್ 31ಕ್ಕೆ ಸಿಇಓ ಅವರ ಕೈಗೆ ಬರುತ್ತವೆ. ಕೇಂದ್ರಗಳ ವಾಟ್ಸಾಪ್ ಗುಂಪುಗಳಲ್ಲಿ ಇಬ್ಬರು ಹೊಸ ಹೊಣೆಗಾರರನ್ನು ಅಡ್ಮಿನ್ ಮಾಡಿ ನಾನು ಹೊರಬರುತ್ತೇನೆ.

ಬ್ಯಾಂಕಿನಲ್ಲಿ ಚೆಕ್ಕಿಗೆ ಸಹಿ ಹಾಕುವ ಮೂವರಲ್ಲಿ ನಾನೂ ಒಬ್ಬಳು. ನನ್ನ ಹೆಸರು ತೆಗೆದು ಇನ್ನೊಬ್ಬರನ್ನು ಸೇರಿಸಲು ಮಂಡಳಿಯ ಠರಾವು ಬೇಕು. ಅದನ್ನು ಮಾರ್ಚ್ ಸಭೆಯಲ್ಲೇ ಮಾಡಿ ಬ್ಯಾಂಕಿಗೆ ಕೊಡಿ, ಇಲ್ಲದಿದ್ದರೆ ಏಪ್ರಿಲ್ ಮೊದಲ ವಾರದ ಪಾವತಿಗೆ ತೊಡಕಾಗುತ್ತದೆ. ನಾನು ಸಹಿ ಹಾಕಿಟ್ಟ ಖಾಲಿ ಚೆಕ್ ಒಂದೂ ಇಲ್ಲ. ಲೆಕ್ಕಿಗರ ಡ್ರಾಯರಿನಲ್ಲಿರುವ ನನ್ನ ಡಿಜಿಟಲ್ ಸಹಿಯ ಪೆನ್‌ಡ್ರೈವ್‌ನಂಥ ಟೋಕನ್ ವಾಪಸ್ ತೆಗೆದುಕೊಳ್ಳುತ್ತೇನೆ. ಅದು ಕಂಪನಿಯದಲ್ಲ, ನನ್ನ ಸಹಿ. ಇಷ್ಟು ದಿನ ಅಲ್ಲಿ ಬಿಟ್ಟಿದ್ದೇ ತಪ್ಪು. ನಿಮ್ಮದೂ ಅಲ್ಲೇ ಇದ್ದರೆ ಮನೆಗೆ ಒಯ್ಯಿರಿ.

ಒಂದು ವಿಷಯ ಬಾಕಿ ಉಳಿಯುತ್ತದೆ. ಕಂಪನಿ ಪಡೆದ ₹15 ಲಕ್ಷದ ದುಡಿಯುವ ಬಂಡವಾಳದ ಸಾಲಕ್ಕೆ ನಾವು ಏಳೂ ಜನ ವೈಯಕ್ತಿಕ ಜಾಮೀನು ಹಾಕಿದ್ದೇವೆ. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಆ ಜಾಮೀನು ತಾನಾಗಿ ಬಿಟ್ಟುಹೋಗುವುದಿಲ್ಲ, ಬ್ಯಾಂಕು ಬಿಡುಗಡೆ ಮಾಡಬೇಕು. ನನ್ನ ಜಾಗಕ್ಕೆ ಬರುವವರ ಜಾಮೀನು ಪಡೆದು ನನ್ನದನ್ನು ಬಿಡುಗಡೆ ಮಾಡುವಂತೆ ಕಂಪನಿಯಿಂದ ಬ್ಯಾಂಕಿಗೆ ಪತ್ರ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿವರೆಗೆ ನಾನು ಹಿಂದೆ ಸರಿಯುವುದಿಲ್ಲ. ಆದರೆ ಸಾಲದ ಲೆಕ್ಕವನ್ನು ತಿಂಗಳಿಗೊಮ್ಮೆ ನನಗೆ ತಿಳಿಸಿ.

ಕಂಪನಿ ರಿಜಿಸ್ಟ್ರಾರರಿಗೆ ಡಿಐಆರ್-12 ಫಾರಂ ಹಾಕುವುದು ಕಂಪನಿಯ ಕೆಲಸ. ನೋಟಿಸ್ ತಲುಪಿದ 30 ದಿನದೊಳಗೆ, ಅಂದರೆ ಏಪ್ರಿಲ್ 8ರ ಒಳಗೆ ಆಗಬೇಕು. ನಾನು ಬಿಡುವುದೇ ಮಾರ್ಚ್ 31ಕ್ಕೆ, ಆದ್ದರಿಂದ ನಡುವೆ ಸಿಗುವುದು ಒಂದೇ ವಾರ. ನಮ್ಮ ಕಂಪನಿ ಸೆಕ್ರೆಟರಿಗೆ ಈಗಲೇ ಹೇಳಿಡಿ. ನನ್ನ ಕಡೆಯಿಂದ ಡಿಐಆರ್-11 ನಾನೇ ಹಾಕುತ್ತೇನೆ. ಜಿಎಸ್‌ಟಿ ನೋಂದಣಿಯಲ್ಲೂ ನಿರ್ದೇಶಕರ ಬದಲಾವಣೆಯನ್ನು 15 ದಿನದೊಳಗೆ ತೋರಿಸಬೇಕು. ಮುಂದಿನ ಸರ್ವಸಭೆಯ ವರದಿಯಲ್ಲಿ ನನ್ನ ರಾಜೀನಾಮೆಯ ವಿಷಯ ಬರಬೇಕು. ನಾನಿದ್ದಾಗ ನಡೆದ ಯಾವುದೇ ವ್ಯವಹಾರದ ಬಗ್ಗೆ ನಾಳೆ ಯಾರೇ ಕೇಳಿದರೂ ಬಂದು ಉತ್ತರ ಕೊಡುವುದು ನನ್ನ ಜವಾಬ್ದಾರಿ.

ಕಂಪನಿಯಿಂದ ನನಗೆ ಬರಬೇಕಾದದ್ದು ಫೆಬ್ರವರಿಯ ಓಡಾಟದ ಖರ್ಚು ₹2,340 ಮಾತ್ರ, ಬಿಲ್ ಕೊಟ್ಟಿದ್ದೇನೆ. ನಾನು ಕೊಡಬೇಕಾದದ್ದು ಏನೂ ಇಲ್ಲ. ಬಿಡುತ್ತಿರುವುದು ನಿರ್ದೇಶಕಿ ಸ್ಥಾನ ಮಾತ್ರ, ಸದಸ್ಯತ್ವ ಅಲ್ಲ. ನನ್ನ ಷೇರು ಹಾಗೇ ಇರಲಿ. ನಮ್ಮ ತೋಟದ ಮೆಣಸು ಮುಂದಿನ ವರ್ಷವೂ ನಮ್ಮ ಮನೆಯವರು ಇಲ್ಲಿಗೇ ತರುತ್ತಾರೆ. ಅದನ್ನೂ ಎಲ್ಲರ ಹಾಗೆ ಸರದಿಯಲ್ಲಿ ತೂಗಿ.

ಐದು ವರ್ಷ ನನ್ನ ಮಾತಿಗೆ ಬೆಲೆ ಕೊಟ್ಟಿರಿ. ದರದ ವಿಷಯಕ್ಕೆ ನಾನು ಜೋರು ಮಾಡಿದಾಗಲೂ ಕೂತು ಕೇಳಿದಿರಿ. ಅಮ್ಮ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ನನ್ನ ಕೆಲಸವನ್ನು ಹಂಚಿಕೊಂಡು ಮಾಡಿದಿರಿ, ಒಬ್ಬರೂ ಫೋನ್ ಮಾಡಿ ತೊಂದರೆ ಕೊಡಲಿಲ್ಲ. ಅದನ್ನು ಮರೆಯುವುದಿಲ್ಲ. ಫೋನ್ ನಂಬರ್ ಅದೇ ಇರುತ್ತದೆ. ಸಂಜೆ ಏಳರ ಮೇಲೆ ಮಾಡಿ, ಆ ಹೊತ್ತಿಗೆ ಅಮ್ಮ ಮಲಗಿರುತ್ತಾರೆ.

ಈ ಪತ್ರದ ಎರಡನೇ ಪ್ರತಿಯ ಮೇಲೆ ತಲುಪಿದ ದಿನಾಂಕ ಬರೆದು, ಕಂಪನಿಯ ಮೊಹರು ಹಾಕಿ ನನಗೆ ಕೊಡಿ. ಡಿಐಆರ್-11ಕ್ಕೆ ಅದು ಬೇಕು.

ಇಂತಿ ನಿಮ್ಮ,
ಸುಮಿತ್ರಾ
ನಿರ್ದೇಶಕಿ, ಖರೀದಿ ಮತ್ತು ಗೋದಾಮು

ಜೊತೆಗೆ ಇಟ್ಟಿರುವುದು: ಮಾರ್ಚ್ 7ರ ಗೋದಾಮಿನ ದಾಸ್ತಾನು ಪಟ್ಟಿ, 14 ರೈತರ ಬಾಕಿ ಪಟ್ಟಿ, ಡಿಐಎನ್ ದಾಖಲೆಯ ನಕಲು.