ಲಾಟರಿ ಹತ್ತಿದೆ ಎಂದು ಬಂದ ಫೋನಿನ ವಿಚಾರವಾಗಿ ಅಪ್ಪನಿಗೆ ಪತ್ರ

ಬೆಂಗಳೂರು
6 ಡಿಸೆಂಬರ್ 2025

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಸುವರ್ಣಾ ಮಾಡುವ ಶರಣು ಶರಣಾರ್ಥಿಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ನೀವೂ ಅವ್ವನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಹಣ ಹಾಕಬೇಡಿ ಎಂದು ನಾನು ಗುರುವಾರ ಫೋನಿನಲ್ಲಿ ಕೇಳಿಕೊಂಡಾಗ ನೀವು ಒಪ್ಪಿಕೊಂಡಿರಿ. ಅದರಿಂದ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಆದರೆ ‘ಮೋಸ ಅಂತ ನಿನಗೆ ಹೆಂಗ ಗೊತ್ತು, ಕಾರಣ ಹೇಳು’ ಎಂದು ನೀವು ಕೇಳಿದ ಪ್ರಶ್ನೆಗೆ ಆಗ ಸರಿಯಾಗಿ ಉತ್ತರಿಸಲು ಆಗಲಿಲ್ಲ. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕಾಗದದಲ್ಲಿ ಬರೆದರೆ ನೀವು ಬಿಡುವಾದಾಗ ನಿಧಾನವಾಗಿ ಓದಿ, ಒಪ್ಪಿಗೆಯಾಗದ ಕಡೆ ಪೆನ್ಸಿಲಿನಿಂದ ಗುರುತು ಹಾಕಿಟ್ಟುಕೊಳ್ಳಬಹುದು ಎಂದು ಈ ಪತ್ರ ಬರೆಯುತ್ತಿದ್ದೇನೆ.

25 ಲಕ್ಷ ರೂಪಾಯಿಯ ಲಾಟರಿ ಹತ್ತಿದೆ ಎಂದು ಆ ಮನುಷ್ಯ ಹೇಳಿದ. ಆದರೆ ಅಪ್ಪ, ನೀವು ಟಿಕೆಟನ್ನೇ ಕೊಂಡಿಲ್ಲ. ನಮ್ಮ ದೇಶದಲ್ಲಿ 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಮಾತ್ರ ಇದೆ. ಟಿಕೆಟಿನ ಮೇಲೆ ಆ ರಾಜ್ಯದ ಲಾಂಛನ ಅಚ್ಚಾಗಿರಬೇಕು, ಡ್ರಾ ಆ ರಾಜ್ಯದೊಳಗೇ ನಡೆಯಬೇಕು. ನಮ್ಮ ಕರ್ನಾಟಕ ಸರ್ಕಾರವಂತೂ 2007ರಲ್ಲಿಯೇ ಲಾಟರಿಯನ್ನು ಪೂರ್ತಿಯಾಗಿ ನಿಲ್ಲಿಸಿತು. ಅದಕ್ಕೂ ಮೊದಲು ಪೇಟೆಯ ಅಂಗಡಿಗಳಲ್ಲಿ ಹಗ್ಗಕ್ಕೆ ತೂಗುಹಾಕಿ ಟಿಕೆಟು ಮಾರುತ್ತಿದ್ದುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆಗ ಟಿಕೆಟು ಕೊಂಡವರೇ ಮಾರನೆಯ ದಿನ ಪತ್ರಿಕೆಯಲ್ಲಿ ತಮ್ಮ ನಂಬರು ಹುಡುಕುತ್ತಿದ್ದರು, ಹತ್ತಿದ್ದರೆ ಟಿಕೆಟು ಹಿಡಿದು ತಾವೇ ಹೋಗಿ ಕೇಳುತ್ತಿದ್ದರು. ಲಾಟರಿಯವರು ಗೆದ್ದವನ ಮನೆ ಹುಡುಕಿಕೊಂಡು ಬಂದ ಪದ್ಧತಿ ಎಂದೂ ಇರಲಿಲ್ಲ. ಮೊಬೈಲ್ ನಂಬರುಗಳನ್ನೇ ಚೀಟಿ ಎತ್ತಿ ಟಿವಿ ಕಾರ್ಯಕ್ರಮದವರೂ ಸಿಮ್ ಕಂಪನಿಯವರೂ ಸೇರಿ ಬಹುಮಾನ ಕೊಡುತ್ತಾರೆ ಎಂದು ಅವನು ಹೇಳಿದ್ದು ಪೂರ್ತಿ ಕಟ್ಟುಕಥೆ. ಆ ಕಾರ್ಯಕ್ರಮದ ಹೆಸರನ್ನು ಹೀಗೆ ದುರುಪಯೋಗ ಮಾಡುತ್ತಿದ್ದಾರೆ ಎಂದು ಪೊಲೀಸರೂ ಕೇಂದ್ರ ಸರ್ಕಾರವೂ ಹಲವು ಸಲ ಜನರನ್ನು ಎಚ್ಚರಿಸಿದ್ದಾರೆ.

‘ಸರ್ಕಾರದ ಮುದ್ರೆ ಇರುವ ಪ್ರಮಾಣಪತ್ರ ಕಳಿಸಿದ್ದಾರಲ್ಲ’ ಎಂದು ನೀವು ಕೇಳಿದ್ದಿರಿ. ತಮ್ಮ ಶರಣು ಅದನ್ನು ನನಗೆ ಕಳಿಸಿದ ಮೇಲೆ ದೊಡ್ಡದು ಮಾಡಿ ನೋಡಿದೆ. ನಿಮ್ಮ ಹೆಸರು ಬರೆದಿರುವ ಜಾಗವನ್ನು ನೀವೂ ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ. ಉಳಿದ ಅಕ್ಷರಗಳು ತೆಳುವಾಗಿ ನೀಲಿ ಬಣ್ಣದಲ್ಲಿವೆ, ನಿಮ್ಮ ಹೆಸರು ಮಾತ್ರ ದಪ್ಪಗೆ, ಕಪ್ಪಗೆ, ಚುಕ್ಕಿಗೆರೆಯಿಂದ ಸ್ವಲ್ಪ ಮೇಲಕ್ಕೆ ಓರೆಯಾಗಿ ಕುಳಿತಿದೆ. ಅದರ ಹಿಂದೆ ಬಿಳಿ ಬಣ್ಣ ಬಳಿದ ಪಟ್ಟಿಯಿದೆ, ಆ ಪಟ್ಟಿಯ ಬಲ ತುದಿಯಲ್ಲಿ ಬೇರೆ ಯಾರದೋ ಹೆಸರಿನ ಕೊನೆಯ ಅಕ್ಷರದ ಬಾಲ ಇನ್ನೂ ಕಾಣುತ್ತದೆ. ನಿಮಗಿಂತ ಮೊದಲು ಇದೇ ಕಾಗದವನ್ನು ಇನ್ನೊಬ್ಬರಿಗೆ ಕಳಿಸಿದ್ದಾರೆ. ಅವರು ಯಾವ ಊರಿನವರೋ, ಅವರನ್ನು ತಡೆಯುವವರು ಯಾರಾದರೂ ಇದ್ದರೋ ಇಲ್ಲವೋ ಎಂದು ನೆನೆದರೆ ಸಂಕಟವಾಗುತ್ತದೆ. ರಿಸರ್ವ್ ಬ್ಯಾಂಕಿನ ಮುದ್ರೆ, ಆದಾಯ ತೆರಿಗೆ ಇಲಾಖೆಯ ಮುದ್ರೆ, ಟಿವಿ ಕಾರ್ಯಕ್ರಮದ ಚಿತ್ರ ಮೂರನ್ನೂ ಒಂದೇ ಹಾಳೆಯ ಮೇಲೆ ಅಂಟಿಸಿದ್ದಾರೆ. ಹೀಗೆ ಮೂವರು ಸೇರಿ ಒಂದು ಕಾಗದ ಹೊರಡಿಸುವುದಿಲ್ಲ. ಮುದ್ರೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನಕಲು ಮಾಡಬಹುದು, ಅದಕ್ಕೆ ಐದು ನಿಮಿಷವೂ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಅವನು ಕೇಳಿದ 12,500 ರೂಪಾಯಿ. ತೆರಿಗೆ ಕಟ್ಟಿದರೆ ಮಾತ್ರ ಬಹುಮಾನ ಬಿಡುಗಡೆಯಾಗುತ್ತದೆ ಎಂದನಂತೆ. ಲಾಟರಿಯಲ್ಲಿ ಬಂದ ಹಣಕ್ಕೆ 30 ಪರ್ಸೆಂಟ್ ತೆರಿಗೆ ಇರುವುದು ನಿಜ. ಆದರೆ ಬಹುಮಾನ 10,000 ರೂಪಾಯಿ ದಾಟಿದರೆ ಆ ತೆರಿಗೆಯನ್ನು ಕೊಡುವವರೇ ಮೊದಲು ಹಿಡಿದುಕೊಂಡು, ಉಳಿದದ್ದನ್ನು ಗೆದ್ದವನಿಗೆ ಕೊಡಬೇಕೆಂದು ಕಾನೂನು ಹೇಳುತ್ತದೆ. ನಿಜವಾಗಿಯೂ 25 ಲಕ್ಷ ಬಂದಿದ್ದರೆ ಏಳೂವರೆ ಲಕ್ಷ ಅಲ್ಲಿಯೇ ಮುರಿದುಕೊಂಡು ಹದಿನೇಳೂವರೆ ಲಕ್ಷ ನಿಮ್ಮ ಖಾತೆಗೆ ಬರುತ್ತಿತ್ತು. ನೀವು ಇಷ್ಟು ವರ್ಷ ಕಲಬುರಗಿ ಎಪಿಎಂಸಿಗೆ ತೊಗರಿ ಒಯ್ದಿದ್ದೀರಿ. ಅಡತಿ ಅಂಗಡಿಯವರು ಹಮಾಲಿ, ತೂಕದ ಕೂಲಿ ಎಲ್ಲವನ್ನೂ ಪಟ್ಟಿಯಲ್ಲಿ ಕಳೆದು ಮಿಕ್ಕ ರೊಕ್ಕ ನಿಮ್ಮ ಕೈಗೆ ಎಣಿಸುತ್ತಾರೆಯೇ ಹೊರತು, ‘ಮೊದಲು ಹಮಾಲಿ ರೊಕ್ಕ ಮನೆಯಿಂದ ತಂದು ಕಟ್ಟು, ಆಮೇಲೆ ತೊಗರಿಯ ರೊಕ್ಕ ಕೊಡುತ್ತೇನೆ’ ಎಂದು ಯಾವ ಸಾವಕಾರನೂ ಇದುವರೆಗೆ ನಿಮಗೆ ಹೇಳಿಲ್ಲ. 25 ಲಕ್ಷ ಕೊಡಬೇಕಾದವನು ಅದರಲ್ಲಿಯೇ 12,500 ಹಿಡಿದುಕೊಳ್ಳಬಹುದಲ್ಲ ಎಂದು ನೀವು ಅವನನ್ನು ಕೇಳಿದ್ದರೆ ಅವನ ಬಳಿ ಉತ್ತರ ಇರುತ್ತಿರಲಿಲ್ಲ. ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕು. ಅವನು ಕೊಟ್ಟ ಖಾತೆ ನಂಬರಿನ ಮುಂದೆ ಇರುವುದು ಯಾರೋ ಒಬ್ಬ ಖಾಸಗಿ ಮನುಷ್ಯನ ಹೆಸರು.

ಒಂದು ವೇಳೆ ಆ ಹಣ ಹಾಕಿದ್ದರೆ ಮುಂದೆ ಏನಾಗುತ್ತಿತ್ತು ಎಂಬುದನ್ನೂ ಹೇಳುತ್ತೇನೆ. ಮರುದಿನ ಇನ್ನೊಬ್ಬ ಫೋನು ಮಾಡಿ ಬ್ಯಾಂಕ್ ಮ್ಯಾನೇಜರ್ ಎಂದು ಹೇಳಿಕೊಂಡು ಜಿಎಸ್‌ಟಿ ಎಂದು ಇನ್ನಷ್ಟು ಕೇಳುತ್ತಿದ್ದ. ಅದು ಮುಗಿದರೆ ಚೆಕ್ ಬಿಡಿಸುವ ಖರ್ಚು, ಅದಾದ ಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಎಂದು ಪ್ರತಿ ಸಲ ಮೊತ್ತ ಹೆಚ್ಚುತ್ತಾ ಹೋಗುತ್ತದೆ. ಕಟ್ಟಿದ ಹಣ ವ್ಯರ್ಥವಾಗಬಾರದು ಎಂಬ ಆಸೆಯೇ ಮನುಷ್ಯನನ್ನು ಮುಂದಿನ ಕಂತಿಗೆ ಎಳೆದುಕೊಂಡು ಹೋಗುತ್ತದೆ. ಹೀಗೆ ಹೊಲ ಒತ್ತೆ ಇಟ್ಟವರೂ ಇದ್ದಾರೆ. ಓದಿದವರು, ನೌಕರಿಯಲ್ಲಿರುವವರು ಕೂಡ ಇದರಲ್ಲಿ ಸಿಕ್ಕಿಕೊಂಡಿದ್ದಾರೆ. ಆದ್ದರಿಂದ ‘ನಾನು ಹಳ್ಳಿಯವ, ನನಗೆ ತಿಳಿಯಲಿಲ್ಲ’ ಎಂದು ನೀವು ಅವ್ವನ ಮುಂದೆ ಹೇಳಿಕೊಂಡ ಮಾತನ್ನು ದಯವಿಟ್ಟು ಇನ್ನು ಆಡಬೇಡಿ.

ಅವನ ನಂಬರನ್ನೂ ನೋಡಿದೆ. ನಮ್ಮ ದೇಶದ ನಂಬರು ವಾಟ್ಸಾಪಿನಲ್ಲಿ +91 ಎಂದು ಆರಂಭವಾಗುತ್ತದೆ. ಇದು +92, ಅಂದರೆ ಪಾಕಿಸ್ತಾನದ್ದು. ಮುಂಬೈ ಕಚೇರಿಯಿಂದ ಮಾತನಾಡುತ್ತಿದ್ದೇನೆ ಎಂದವನ ನಂಬರು ಅಲ್ಲಿಯದೇಕೆ? ಇಂಥವರು +91 ನಂಬರಿನಿಂದಲೂ ಮಾತನಾಡುತ್ತಾರೆ, ಆದ್ದರಿಂದ ನಮ್ಮ ದೇಶದ ನಂಬರೆಂದ ಮಾತ್ರಕ್ಕೆ ನಂಬುವಂತಿಲ್ಲ.

ನಿಮ್ಮ ಪೂರ್ತಿ ಹೆಸರು ಅವನಿಗೆ ಹೇಗೆ ಗೊತ್ತಾಯಿತು ಎಂಬುದೇ ನಿಮ್ಮನ್ನು ಹೆಚ್ಚು ನಂಬಿಸಿದೆ ಎಂದು ನನಗೆ ತಿಳಿಯಿತು. ಹಣ ಕಳಿಸುವ ಆ್ಯಪಿನಲ್ಲಿ ಯಾರದಾದರೂ ಮೊಬೈಲ್ ನಂಬರು ಒತ್ತಿದರೆ ಖಾತೆದಾರರ ಹೆಸರು ತಾನಾಗಿಯೇ ಕಾಣುತ್ತದೆ. ಶರಣು ನಿಮ್ಮ ಫೋನಿಗೆ ಆ ಆ್ಯಪ್ ಹಾಕಿಕೊಟ್ಟಿದ್ದಾನಲ್ಲ, ಅಷ್ಟು ಸಾಕು. ಅಪರಿಚಿತನೊಬ್ಬ ನಮ್ಮ ಹೆಸರು ಹಿಡಿದು ಕರೆದರೆ ಅವನು ನಮ್ಮವನಾಗುವುದಿಲ್ಲ.

ಅಪ್ಪ, ಈಗ ಬರೆಯುವುದನ್ನು ಬಹಳ ಪ್ರೀತಿಯಿಂದ ಬರೆಯುತ್ತಿದ್ದೇನೆ. ಈ ವರ್ಷದ ಅತಿವೃಷ್ಟಿಯಲ್ಲಿ ತೊಗರಿ ಹೋಯಿತು, ಸೊಸೈಟಿಯ ಸಾಲ ಹಾಗೆಯೇ ಉಳಿದಿದೆ, ಅವ್ವನ ಮೊಣಕಾಲಿನ ಆಪರೇಷನ್ನಿಗೆ ರೊಕ್ಕ ಹೊಂದಿಸಬೇಕು ಎಂಬ ಚಿಂತೆಯಲ್ಲಿ ನೀವು ಇದ್ದಾಗಲೇ ಈ ಫೋನು ಬಂದಿತು. 25 ಲಕ್ಷ ಎಂದಾಗ ನೀವು ನಿಮಗಾಗಿ ಏನನ್ನೂ ನೆನೆದಿರಲಾರಿರಿ, ಅವ್ವನ ಕಾಲನ್ನೇ ನೆನೆದಿರುತ್ತೀರಿ. ‘ಯಾರಿಗೂ ಹೇಳಬೇಡಿ, ಬೇರೆಯವರು ನಿಮ್ಮ ಬಹುಮಾನ ಕಸಿದುಕೊಳ್ಳುತ್ತಾರೆ, ಸಂಜೆ ಐದರೊಳಗೆ ಕಟ್ಟಿಬಿಡಿ’ ಎಂದು ಅವನು ಹೇಳಿದ್ದು ಇದೇ ಕಾರಣಕ್ಕೆ. ನೀವು ಯಾರೊಂದಿಗಾದರೂ ಕುಳಿತು ವಿಚಾರ ಮಾಡಿದರೆ ಅವನ ಆಟ ನಡೆಯುವುದಿಲ್ಲ. ನೀವು ಎರಡು ಎಕರೆ ಕೊಳ್ಳುವಾಗಲೂ ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಮಾತನಾಡಿದವರು. ಯಾರಿಗೂ ಹೇಳಬೇಡಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಫೋನು ಇಟ್ಟುಬಿಡಿ. ಆಪರೇಷನ್ನಿನ ಖರ್ಚನ್ನು ನಾನೂ ಶರಣೂ ಸೇರಿ ನೋಡಿಕೊಳ್ಳುತ್ತೇವೆ. ಅದನ್ನು ನೀವು ಒಬ್ಬರೇ ಹೊತ್ತುಕೊಂಡು ತಿರುಗುವುದು ನಮಗೆ ಬೇಡ.

ಆಧಾರ್ ಕಾರ್ಡಿನ ಮತ್ತು ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಕಳಿಸಿಬಿಟ್ಟಿದ್ದೀರಿ ಎಂದು ಶರಣು ಹೇಳಿದ. ಗಾಬರಿಯಾಗಬೇಡಿ. ಓಟಿಪಿ, ಪಿನ್ ಅಥವಾ ಬೆರಳಚ್ಚು ಇಲ್ಲದೆ ಬರೀ ಫೋಟೊದಿಂದ ಖಾತೆಯ ಹಣ ತೆಗೆಯಲು ಬರುವುದಿಲ್ಲ. ಆದರೂ ಸೋಮವಾರ ಆಳಂದಕ್ಕೆ ಹೋಗಿ ಬ್ಯಾಂಕಿನ ಶಾಖೆಯಲ್ಲಿ ನಡೆದದ್ದನ್ನು ತಿಳಿಸಿ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬನ್ನಿ. ಆಧಾರಿನ ಬೆರಳಚ್ಚನ್ನು ಲಾಕ್ ಮಾಡಲು ಶರಣುವಿಗೆ ಹೇಳಿದ್ದೇನೆ. ಲಾಕ್ ಮಾಡಿದ ಮೇಲೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ರೇಷನ್ ತರುವ ದಿನ ಅವನಿಂದ ಲಾಕ್ ತೆಗೆಸಿಕೊಂಡು ಹೋಗಿ.

ಅವನು ಮತ್ತೆ ಫೋನು ಮಾಡಬಹುದು, ಬಹುಶಃ ಬೇರೆ ನಂಬರಿನಿಂದ. ಬಹುಮಾನ ಪಡೆಯದಿದ್ದರೆ ಪೊಲೀಸ್ ಕೇಸು ಹಾಕುತ್ತೇವೆ ಎಂದು ಹೆದರಿಸಲೂಬಹುದು. ಅಂಥ ಕೇಸು ಯಾವ ಕಾನೂನಿನಲ್ಲಿಯೂ ಇಲ್ಲ. ಕ್ಯೂಆರ್ ಕೋಡ್ ಕಳಿಸಿ ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎಂದರೆ ಒತ್ತಬೇಡಿ, ಏಕೆಂದರೆ ಹಣ ನಮ್ಮ ಖಾತೆಗೆ ಬರಲು ಪಿನ್ ಬೇಕಿಲ್ಲ, ನಮ್ಮ ಖಾತೆಯಿಂದ ಹೋಗಲು ಮಾತ್ರ ಬೇಕು. ಅವನು ಕಳಿಸಿದ ಯಾವುದೇ ಆ್ಯಪನ್ನೂ ಫೋನಿಗೆ ಹಾಕಿಕೊಳ್ಳಬೇಡಿ. ಅವನೊಂದಿಗೆ ವಾದ ಮಾಡುವ ಅಗತ್ಯವೂ ಇಲ್ಲ. ಎಂದಾದರೂ ಕೈತಪ್ಪಿ ಹಣ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ಆ ಗಳಿಗೆಯಲ್ಲಿಯೇ 1930 ಎಂಬ ನಂಬರಿಗೆ ಫೋನು ಮಾಡಿ. ಅದು ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಹೆಚ್ಚು. ಈ ನಂಬರನ್ನು ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಡಿ. ಪ್ರಮಾಣಪತ್ರದ ಚಿತ್ರವನ್ನೂ ಅವನ ಸಂದೇಶಗಳನ್ನೂ ಅಳಿಸಬೇಡಿ, cybercrime.gov.in ಎಂಬ ತಾಣದಲ್ಲಿ ದೂರು ಕೊಡುವಾಗ ಅವು ಬೇಕಾಗುತ್ತವೆ.

ಎಳ್ಳಮಾವಾಸ್ಯೆಗೆ ರಜೆ ಹಾಕಿದ್ದೇನೆ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಗೆ ಬಂದು ಅಲ್ಲಿಂದ ಬಸ್ಸಿಗೆ ಊರಿಗೆ ಬರುತ್ತೇನೆ. ಚರಗ ಚೆಲ್ಲಿ ಹೊಲದಿಂದ ಬಂದ ಮೇಲೆ ಕುಳಿತು ದೂರನ್ನು ನಾವಿಬ್ಬರೂ ಸೇರಿ ಬರೆಯೋಣ. ಅಷ್ಟರಲ್ಲಿ ಆ ಮನುಷ್ಯ ಎಷ್ಟು ಸಲ, ಯಾವ ಯಾವ ನಂಬರಿನಿಂದ ಫೋನು ಮಾಡಿದ ಎಂಬುದನ್ನು ತಾರೀಖಿನ ಸಮೇತ ನಿಮ್ಮ ಲೆಕ್ಕದ ವಹಿಯಲ್ಲಿ ಬರೆದಿಟ್ಟಿರಿ.

ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು,
ಸುವರ್ಣಾ