ದಾಸ್ತಾನು ನಿರ್ವಹಣೆ ತಂತ್ರಾಂಶದ ಪ್ರಸ್ತಾವನೆ: ತಮ್ಮ ನಿರ್ಧಾರವನ್ನು ಗೌರವಿಸಿ ಧನ್ಯವಾದ ಪತ್ರ

ಇವರಿಗೆ:
ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರು

ವಿಷಯ: ಔಷಧ ಗೋದಾಮಿನ ದಾಸ್ತಾನು ನಿರ್ವಹಣೆಗೆ ನಾವು ಸಲ್ಲಿಸಿದ್ದ ಪ್ರಸ್ತಾವನೆ ಹಾಗೂ ತಮ್ಮ ಅಂತಿಮ ಆಯ್ಕೆ

ಮಾನ್ಯರೇ,

ತಮ್ಮ ಗೋದಾಮಿನ ದಾಸ್ತಾನು ನಿರ್ವಹಣೆಗೆ ಬೇರೊಂದು ಸಂಸ್ಥೆಯ ತಂತ್ರಾಂಶವನ್ನು ಆಯ್ಕೆ ಮಾಡಿಕೊಂಡಿರುವುದಾಗಿ ತಿಳಿಸಿದ ತಮ್ಮ ಪತ್ರ ನಿನ್ನೆ ತಲುಪಿತು. ಪತ್ರ ಬರುವ ಮೊದಲೇ ತಾವು ಖುದ್ದಾಗಿ ಫೋನ್ ಮಾಡಿ, ನಿರ್ಧಾರವನ್ನೂ ಅದರ ಹಿಂದಿನ ಕಾರಣಗಳನ್ನೂ ಬಿಡಿಸಿ ಹೇಳಿದಿರಿ. ಕೊಟೇಶನ್ ಕೊಟ್ಟವರಿಗೆ ಇಷ್ಟು ಸ್ಪಷ್ಟವಾದ ಉತ್ತರ ಸಿಗುವುದು ಅಪರೂಪ. ಎಷ್ಟೋ ಪ್ರಸ್ತಾವನೆಗಳು ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲದೆ ತಿಂಗಳುಗಟ್ಟಲೆ ಹಾಗೆಯೇ ಉಳಿದುಬಿಡುತ್ತವೆ. ತಮ್ಮ ಈ ಸೌಜನ್ಯಕ್ಕೆ ನಮ್ಮ ಇಡೀ ತಂಡದ ಪರವಾಗಿ ಮನಃಪೂರ್ವಕ ಧನ್ಯವಾದಗಳನ್ನು ತಿಳಿಸುತ್ತೇನೆ.

ಈ ಕೆಲಸ ನಮಗೆ ಸಿಗಲಿ ಎಂದು ನಾವು ನಿಜವಾಗಿಯೂ ಬಯಸಿದ್ದೆವು. ಆದ್ದರಿಂದ ಬೇಸರವಾಗಲಿಲ್ಲ ಎಂದು ಹೇಳಿದರೆ ಅದು ಬರೀ ಔಪಚಾರಿಕ ಮಾತಾದೀತು. ಆದರೆ ತಾವು ಕೊಟ್ಟ ಕಾರಣಗಳನ್ನು ತಂಡದೊಂದಿಗೆ ಕುಳಿತು ಚರ್ಚಿಸಿದಾಗ, ತಮ್ಮ ಗೋದಾಮಿನ ಸದ್ಯದ ಅಗತ್ಯಕ್ಕೆ ತಾವು ಮಾಡಿದ ಆಯ್ಕೆ ಸರಿಯಾದದ್ದೇ ಎಂದು ನಮಗೂ ಅನ್ನಿಸಿತು. ಶೀತಲ ಕೊಠಡಿಯ ದಪ್ಪ ಗೋಡೆಗಳ ಒಳಗೆ ಮತ್ತು ಹಿಂಬದಿಯ ರ‍್ಯಾಕ್‌ಗಳ ಸಾಲಿನಲ್ಲಿ ಸಿಗ್ನಲ್ ನಿಲ್ಲುವುದಿಲ್ಲ ಎಂಬುದನ್ನು ನಾವೇ ಅಲ್ಲಿ ನಿಂತು ನೋಡಿದ್ದೇವೆ. ಅಂಥ ಕಡೆ ನೆಟ್‌ವರ್ಕ್ ಇಲ್ಲದೆಯೂ ಸ್ಕ್ಯಾನ್ ಮಾಡಿ ಇಟ್ಟುಕೊಂಡು, ಸಂಪರ್ಕ ಸಿಕ್ಕ ಕೂಡಲೇ ಲೆಕ್ಕವನ್ನು ಸರಿಹೊಂದಿಸುವ ಮೊಬೈಲ್ ಆ್ಯಪ್ ಆ ಸಂಸ್ಥೆಯವರಲ್ಲಿ ಈಗಾಗಲೇ ಬಳಕೆಯಲ್ಲಿದೆ. ನಮ್ಮಲ್ಲಿ ಅದೇ ಸೌಲಭ್ಯ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಪರೀಕ್ಷೆಯಲ್ಲಿರುವುದನ್ನು ನಂಬಿ ಔಷಧಗಳ ಲೆಕ್ಕವನ್ನು ಒಪ್ಪಿಸಲಾಗದು ಎಂಬ ತಮ್ಮ ನಿಲುವನ್ನು, ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನಾವು ಪ್ರಶ್ನಿಸುವಂತೆಯೇ ಇಲ್ಲ.

ತಮ್ಮ ಸಿಬ್ಬಂದಿ ನಮಗೆ ಕೊಟ್ಟ ಸಮಯವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಸರಕು ಇಳಿಸುವ ಗಡಿಬಿಡಿಯ ನಡುವೆಯೂ ತಮ್ಮ ಹಿರಿಯ ಸ್ಟೋರ್ ಕೀಪರ್ ಅವರು ಕೆಳಗಿನ ರ‍್ಯಾಕಿನಿಂದ ಒಂದು ಪೆಟ್ಟಿಗೆ ಎಳೆದು, ಹೊರಗೆ ಅಚ್ಚಾದ ಬ್ಯಾಚ್ ಸಂಖ್ಯೆಯನ್ನು ತೋರಿಸಿ, ಬಳಿಕ ಒಳಗಿನ ಸ್ಟ್ರಿಪ್ಪನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದರು. ಶಾಯಿಯಿಲ್ಲದೆ ಬರೀ ಒತ್ತಿ ಮೂಡಿಸಿದ ಅಕ್ಷರಗಳು ಆ ಕೋನದಲ್ಲಿ ಮಾತ್ರ ಕಣ್ಣಿಗೆ ಬಿದ್ದವು. ಸ್ಟ್ರಿಪ್ಪುಗಳು ಬಿಡಿಯಾಗಿ ವಾಪಸು ಬಂದಾಗ ಬ್ಯಾಚ್ ಗುರುತಿಸಲು ಎಷ್ಟು ಹೊತ್ತು ಹಿಡಿಯುತ್ತದೆ, ಸಂಜೆಯ ಮಂದ ಬೆಳಕಿನಲ್ಲಿ 3 ಮತ್ತು 8 ಹೇಗೆ ಒಂದೇ ಆಗಿ ಕಾಣುತ್ತವೆ ಎಂಬುದು ನಮಗೆ ಅರ್ಥವಾದದ್ದು ಆಗಲೇ. ಯಾವ ಅಗತ್ಯ ಪಟ್ಟಿಯಲ್ಲೂ ಬರೆದು ಸಿಗದ ವಿಷಯ ಇದು. ವಾಪಸಾತಿಯ ದಾಖಲೆಗೆ ಫೋಟೊ ಲಗತ್ತಿಸುವ ಸೌಲಭ್ಯವನ್ನು ನಮ್ಮ ತಂತ್ರಾಂಶದಲ್ಲಿ ಮರುವಿನ್ಯಾಸ ಮಾಡಲು ಆ ಭೇಟಿಯೇ ಪ್ರೇರಣೆಯಾಗಿದೆ. ದಯವಿಟ್ಟು ಅವರಿಗೂ, ಹಳೆಯ ಇನ್‌ವಾಯ್ಸ್‌ಗಳನ್ನು ತೆಗೆದು ತಾಳೆ ನೋಡಲು ನೆರವಾದ ಬಿಲ್ಲಿಂಗ್ ವಿಭಾಗದವರಿಗೂ ನಮ್ಮ ಕೃತಜ್ಞತೆಯನ್ನು ತಲುಪಿಸಿ.

ಈಗ ಮುಗಿಸಿಕೊಡಬೇಕಾದ ಕೆಲವು ಕೆಲಸಗಳ ವಿಚಾರ. ಗೋಪ್ಯತಾ ಒಪ್ಪಂದದ ಅಡಿಯಲ್ಲಿ ತಾವು ಕೊಟ್ಟಿದ್ದ ಮಾದರಿ ದಾಸ್ತಾನು ದತ್ತಾಂಶವನ್ನು ನಮ್ಮ ಸರ್ವರ್‌ನಿಂದಲೂ, ಡೆಮೊ ನಡೆಸಿದ ಲ್ಯಾಪ್‌ಟಾಪ್‌ಗಳಿಂದಲೂ ಅಳಿಸಲಾಗಿದೆ. ಬ್ಯಾಕಪ್‌ನಲ್ಲಿ ಉಳಿದಿರುವ ಪ್ರತಿ ಈ ತಿಂಗಳ ಕೊನೆಯ ಹೊತ್ತಿಗೆ ತಾನಾಗಿಯೇ ಅಳಿಯುತ್ತದೆ. ಅದಾದ ಮೇಲೆ ಸಹಿ ಮಾಡಿದ ದೃಢೀಕರಣ ಪತ್ರವನ್ನು ಕಳುಹಿಸುತ್ತೇವೆ. ಡೆಮೊಗಾಗಿ ತಮ್ಮಲ್ಲಿ ಇಟ್ಟಿದ್ದ ಎರಡು ಬಾರ್‌ಕೋಡ್ ಸ್ಕ್ಯಾನರ್‌ಗಳನ್ನು ಅವಸರದಿಂದ ಹಿಂದಿರುಗಿಸಬೇಕಿಲ್ಲ. ಹೊಸ ಸಂಸ್ಥೆಯ ಉಪಕರಣಗಳು ಬರುವವರೆಗೆ ಅವುಗಳನ್ನು ಬಳಸಿಕೊಳ್ಳಬಹುದು. ಆಮೇಲೆ ತಿಳಿಸಿದರೆ ನಾವೇ ಬಂದು ಒಯ್ಯುತ್ತೇವೆ.

ಅಳಿಸುವ ಮುನ್ನ, ನಾವು ಶುದ್ಧಗೊಳಿಸಿದ್ದ ಔಷಧಗಳ ಮೂಲ ಪಟ್ಟಿಯನ್ನು ಬೇರೆಯಾಗಿ ತೆಗೆದು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಒಂದೇ ಮಾತ್ರೆ ಒಂದು ಕಡೆ ಕಂಪನಿಯ ಹೆಸರಿನಲ್ಲಿ, ಇನ್ನೊಂದು ಕಡೆ ಔಷಧದ ಮೂಲ ಹೆಸರಿನಲ್ಲಿ, ಮತ್ತೊಂದು ಕಡೆ ಪ್ರಮಾಣವನ್ನು ಬಿಟ್ಟು ಬರೆದ ಹೆಸರಿನಲ್ಲಿ ದಾಖಲಾಗಿದ್ದ ನಮೂದುಗಳನ್ನು ಇದರಲ್ಲಿ ಒಂದುಗೂಡಿಸಲಾಗಿದೆ. ಇದಕ್ಕೆ ಯಾವ ಶುಲ್ಕವೂ ಇಲ್ಲ. ಪಟ್ಟಿ ತಮ್ಮದು, ಅದನ್ನು ಸರಿಪಡಿಸುವಾಗ ಪ್ರತಿ ಸಾಲಿಗೂ ಉತ್ತರ ಕೊಟ್ಟವರೂ ತಮ್ಮ ಸಿಬ್ಬಂದಿಯೇ. ಹೊಸ ತಂತ್ರಾಂಶಕ್ಕೆ ದತ್ತಾಂಶ ವರ್ಗಾಯಿಸುವಾಗ ಇದು ಉಪಯೋಗಕ್ಕೆ ಬರುತ್ತದೆ ಎಂಬ ಭರವಸೆ ನಮಗಿದೆ.

ಆ ವರ್ಗಾವಣೆಯ ಸಮಯದಲ್ಲಿ ಒಂದು ವಿಷಯಕ್ಕೆ ಮಾತ್ರ ತಾವು ಗಮನ ಕೊಡಬೇಕೆಂದು ಕೋರುತ್ತೇನೆ, ಏಕೆಂದರೆ ಇಲ್ಲಿ ತಪ್ಪಾದರೆ ಅದು ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ಲಗತ್ತಿಸಿದ ಸಿಎಸ್‌ವಿ ಫೈಲನ್ನು ನೇರವಾಗಿ ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ, 00457 ಎಂಬ ಬ್ಯಾಚ್ ಸಂಖ್ಯೆಯ ಮುಂದಿನ ಸೊನ್ನೆಗಳು ಬಿದ್ದುಹೋಗಿ ಬರೀ 457 ಉಳಿಯುತ್ತದೆ. 2E05 ಎಂಬ ಬ್ಯಾಚನ್ನು ಅದು ಘಾತಾಂಕ ರೂಪದ ಸಂಖ್ಯೆ ಎಂದು ತಿಳಿದು ಎರಡು ಲಕ್ಷವಾಗಿಸಿಬಿಡುತ್ತದೆ. ತಿಂಗಳು ಮತ್ತು ವರ್ಷ ಎಂಬ ಅರ್ಥದಲ್ಲಿ 03/28 ಎಂದು ಬರೆದ ಅವಧಿಯನ್ನು, ಕಂಪ್ಯೂಟರ್‌ನ ದಿನಾಂಕದ ಸೆಟ್ಟಿಂಗ್ ಹೇಗಿದೆ ಎಂಬುದರ ಮೇಲೆ, ಇದೇ ವರ್ಷದ ಮಾರ್ಚ್ 28 ಎಂದು ಓದಿಬಿಡುವ ಸಾಧ್ಯತೆಯೂ ಇದೆ. ಹಾಗಾದಲ್ಲಿ ಇನ್ನೂ ಅವಧಿಯಿರುವ ಔಷಧ ಮೊದಲೇ ಬೇರೆಯಾಗಿ ನಿಲ್ಲುತ್ತದೆ, ಇಲ್ಲವೇ ವಿತರಣೆಯ ಸರದಿ ಏರುಪೇರಾಗುತ್ತದೆ. ಆದ್ದರಿಂದ ಫೈಲನ್ನು ಇಂಪೋರ್ಟ್ ಮಾಡುವಾಗ ಈ ಎರಡೂ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತಿಸುವುದು ಕ್ಷೇಮ. ಹಾಗೆಯೇ, ಜಿಎಸ್1 ಮಾದರಿಯ ಕೋಡ್ ಇರುವ ಪೆಟ್ಟಿಗೆಗಳಲ್ಲಿ ಅವಧಿಯ ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರು ಅಂಕಿಗಳಲ್ಲಿರುತ್ತದೆ. ದಿನದ ಜಾಗದಲ್ಲಿ 00 ಇದ್ದರೆ ಅದನ್ನು ಆ ತಿಂಗಳ ಕೊನೆಯ ದಿನ ಎಂದೇ ಓದಬೇಕು. ಆಯ್ಕೆಯಾದ ಸಂಸ್ಥೆಯವರು ಅನುಭವಿಗಳು, ಇವೆಲ್ಲ ಅವರಿಗೆ ಗೊತ್ತಿರುತ್ತದೆ. ಆದರೆ ತಮ್ಮ ಹಳೆಯ ದತ್ತಾಂಶದಲ್ಲಿ ಇಂಥ ಬ್ಯಾಚ್‌ಗಳು ಎಲ್ಲೆಲ್ಲಿವೆ ಎಂಬುದನ್ನು ನಾವು ಈಗಾಗಲೇ ಗುರುತಿಸಿರುವುದರಿಂದ, ಅವುಗಳ ಪಟ್ಟಿಯನ್ನು ಪ್ರತ್ಯೇಕ ಹಾಳೆಯಲ್ಲಿ ಕೊಟ್ಟಿದ್ದೇನೆ. ಈ ಬಗ್ಗೆ ಅವರ ತಂತ್ರಜ್ಞರಿಗೆ ಏನಾದರೂ ಕೇಳಬೇಕೆನಿಸಿದರೆ, ತಮ್ಮ ಅನುಮತಿಯೊಂದಿಗೆ ನಮ್ಮ ತಂಡ ಉತ್ತರಿಸಲು ಸಿದ್ಧವಿದೆ. ಗೋದಾಮಿನಲ್ಲಿ ಲೆಕ್ಕ ತಪ್ಪದಿರುವುದು ಯಾರ ತಂತ್ರಾಂಶ ಎಂಬುದಕ್ಕಿಂತ ಮುಖ್ಯ.

ತಮ್ಮಿಂದ ಒಂದು ಸಣ್ಣ ಉಪಕಾರವನ್ನು ಕೇಳಬಹುದೇ? ನೆಟ್‌ವರ್ಕಿನ ವಿಷಯ ಬಿಟ್ಟು, ನಮ್ಮ ಪ್ರಸ್ತಾವನೆಯಲ್ಲಿ ತಮಗೆ ಅಸ್ಪಷ್ಟ ಎನಿಸಿದ, ಅಥವಾ ಹೋಲಿಸಿ ನೋಡುವಾಗ ತೊಡಕಾದ ಭಾಗ ಯಾವುದಾದರೂ ಇದ್ದಿದ್ದರೆ, ಬಿಡುವಾದಾಗ ಎರಡು ಸಾಲು ಬರೆದು ತಿಳಿಸಿ. ವಾರ್ಷಿಕ ನಿರ್ವಹಣೆಯ ವೆಚ್ಚವನ್ನು ನಾವು ವಿಂಗಡಿಸಿ ಕೊಟ್ಟ ಬಗೆ ಓದುವವರಿಗೆ ಸುಲಭವಾಗಿತ್ತೇ ಎಂಬ ಬಗ್ಗೆ ನಮ್ಮ ತಂಡದಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಮುಂದಿಟ್ಟುಕೊಂಡು ನಿರ್ಧಾರ ತೆಗೆದುಕೊಂಡವರ ಮಾತೇ ಇದನ್ನು ಬಗೆಹರಿಸಬಲ್ಲದು. ಬೇರೆ ಸಂಸ್ಥೆಯ ದರವನ್ನಾಗಲಿ, ಷರತ್ತುಗಳನ್ನಾಗಲಿ ತಿಳಿಯುವ ಉದ್ದೇಶ ನಮಗಿಲ್ಲ. ಉತ್ತರಿಸಲು ಅನುಕೂಲವಾಗದಿದ್ದರೆ ಅದನ್ನು ನಾವು ಖಂಡಿತ ತಪ್ಪು ತಿಳಿಯುವುದಿಲ್ಲ.

ಮುಂದಿನ ದಿನಗಳ ಬಗ್ಗೆ ಒಂದು ಮಾತು. ನಮ್ಮ ಕೊನೆಯ ಸಭೆಯಲ್ಲಿ ತಾವು ಶೀತಲ ಕೊಠಡಿಯ ತಾಪಮಾನ ದಾಖಲೆಯ ವಿಚಾರವನ್ನು ಪ್ರಸ್ತಾಪಿಸಿ, ಅದು ಈ ಸಲದ ಕೆಲಸದ ವ್ಯಾಪ್ತಿಯಲ್ಲಿಲ್ಲ, ಹೊಸ ವ್ಯವಸ್ಥೆ ಒಂದು ನೆಲೆಗೆ ಬಂದ ಮೇಲೆ ನೋಡೋಣ ಎಂದಿದ್ದಿರಿ. ಲಸಿಕೆ ಮತ್ತು ಇನ್ಸುಲಿನ್‌ನಂಥ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ ಔಷಧಗಳ ವಿಷಯದಲ್ಲಿ ತಾಪಮಾನ ಮೀರಿದೆ ಎಂಬ ಎಚ್ಚರಿಕೆಯ ಗಂಟೆ ಮಾತ್ರ ಸಾಲದು. ಆ ಹೊತ್ತಿನಲ್ಲಿ ಆ ಕೊಠಡಿಯಲ್ಲಿ ಯಾವ ಬ್ಯಾಚ್‌ಗಳಿದ್ದವು, ಎಷ್ಟು ಹೊತ್ತು ಇದ್ದವು, ಅವುಗಳಲ್ಲಿ ಯಾವುದು ಆಗಲೇ ಹೊರಗೆ ಹೋಗಿದೆ ಎಂಬುದು ಕೂಡಲೇ ಗೊತ್ತಾಗಬೇಕು. ಇನ್ಸುಲಿನ್ ಮತ್ತು ಅನೇಕ ಲಸಿಕೆಗಳು ಬಿಸಿಯಿಂದ ಮಾತ್ರವಲ್ಲ, ಹೆಪ್ಪುಗಟ್ಟಿದರೂ ಹಾಳಾಗುತ್ತವೆ. ಹಾಗಾಗಿ ಕೆಳಗಿನ ಮಿತಿಯ ದಾಖಲೆಯೂ ಮೇಲಿನ ಮಿತಿಯಷ್ಟೇ ಮುಖ್ಯ. ನಮ್ಮ ತಾಪಮಾನ ದಾಖಲೆಯ ಘಟಕ ಸ್ವತಂತ್ರವಾಗಿ ನಿಲ್ಲುವಂಥದ್ದು, ಯಾವ ದಾಸ್ತಾನು ತಂತ್ರಾಂಶದಿಂದಲಾದರೂ ಬ್ಯಾಚ್‌ಗಳ ವಿವರ ಪಡೆದು ಕೆಲಸ ಮಾಡಬಲ್ಲದು. ಹೊಸ ಸಂಸ್ಥೆಯವರೇ ಆ ಸೌಲಭ್ಯವನ್ನು ಒದಗಿಸಿದರೆ ಒಂದೇ ಕಡೆ ಇರುವುದು ತಮಗೆ ಅನುಕೂಲ, ಅದನ್ನೇ ಮಾಡಿ. ಹಾಗಾಗದೆ ಬೇರೆಯಾಗಿ ನೋಡಬೇಕಾದ ಸಂದರ್ಭ ಬಂದರೆ ನಮ್ಮನ್ನೂ ನೆನಪಿಸಿಕೊಳ್ಳಿ ಎಂಬುದಷ್ಟೇ ನಮ್ಮ ಕೋರಿಕೆ.

ಹೊಸ ತಂತ್ರಾಂಶ ಜಾರಿಗೆ ಬರುವ ಈ ತಿಂಗಳುಗಳಲ್ಲಿ ತಮಗೂ ಸಿಬ್ಬಂದಿಗೂ ಪುರುಸೊತ್ತು ಇರುವುದಿಲ್ಲ ಎಂಬುದು ನಮಗೆ ಗೊತ್ತು. ಆದ್ದರಿಂದ ನಾವಾಗಿಯೇ ಮತ್ತೆ ಮತ್ತೆ ಫೋನ್ ಮಾಡಿ ತೊಂದರೆ ಕೊಡುವುದಿಲ್ಲ. ತಮ್ಮ ಮುಂದಿನ ವಾರ್ಷಿಕ ದಾಸ್ತಾನು ಎಣಿಕೆ ಮುಗಿದ ಬಳಿಕ ಯೋಗಕ್ಷೇಮ ವಿಚಾರಿಸಿ ಒಂದು ಪತ್ರ ಬರೆಯುತ್ತೇನೆ. ಅದೂ ಬೇಡವೆನಿಸಿದರೆ ಸಂಕೋಚವಿಲ್ಲದೆ ತಿಳಿಸಿ. ಅದಕ್ಕೂ ಮೊದಲು ಲಗತ್ತಿಸಿದ ಪಟ್ಟಿಯ ಬಗ್ಗೆ ಏನಾದರೂ ಕೇಳಬೇಕಾದರೆ ಇದೇ ಇಮೇಲ್‌ಗೆ ಉತ್ತರಿಸಿದರೆ ಸಾಕು, ಪಟ್ಟಿಯನ್ನು ಸಿದ್ಧಪಡಿಸಿದ ನಮ್ಮ ಎಂಜಿನಿಯರ್ ಅವರೇ ತಮ್ಮನ್ನು ಸಂಪರ್ಕಿಸುತ್ತಾರೆ.

ಹೊಸ ವ್ಯವಸ್ಥೆ ತಮ್ಮ ಗೋದಾಮಿನಲ್ಲಿ ಸುಸೂತ್ರವಾಗಿ ಜಾರಿಯಾಗಲಿ ಎಂದು ಹಾರೈಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗ್ರಾಹಕ ಸಂಬಂಧ ವಿಭಾಗದ ಮುಖ್ಯಸ್ಥರು

ಲಗತ್ತು: ಶುದ್ಧಗೊಳಿಸಿದ ಔಷಧಗಳ ಮೂಲ ಪಟ್ಟಿ, ಗಮನಿಸಬೇಕಾದ ಬ್ಯಾಚ್‌ಗಳ ಹಾಳೆಯೊಂದಿಗೆ